ಕಲಬುರಗಿ ಬಿಸಿಲು, ಎಸಿ ಇಲ್ಲದ ರೂಮು: ಪಿಸಿಗೆ ಏರ್ ಕೂಲರ್, ಲಿಕ್ವಿಡ್ ಕೂಲರ್ ಎರಡನ್ನೂ ಬಳಸಿದ ಮೇಲೆ

ನನ್ನದು ಹತ್ತಕ್ಕೆ ಹತ್ತು ಅಡಿಯ ರೂಮು. ಒಂದೇ ಕಿಟಕಿ. ಮೇ ತಿಂಗಳ ಮಧ್ಯಾಹ್ನ ಒಳಗೇ 37 ಡಿಗ್ರಿ. ರೈಜೆನ್ 9 7950ಎಕ್ಸ್ ಪ್ರೊಸೆಸರ್ ಹಾಕಿದ ಪಿಸಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಮೊದಲ ಹದಿನಾರು ತಿಂಗಳು ಪ್ರೊಸೆಸರ್ ಮೇಲೆ ಫ್ಯಾನ್ ಗಾಳಿಯಿಂದ ತಣಿಸುವ ಎರಡು ಟವರ್‌ನ ಏರ್ ಕೂಲರ್ ಇತ್ತು. ಆಮೇಲೆ ಒಂದೂವರೆ ವರ್ಷ, ಪಂಪ್‌ನಿಂದ ನೀರು ಹರಿಸಿ 360 ಎಂಎಂ ರೇಡಿಯೇಟರ್‌ನಲ್ಲಿ ಶಾಖ ಬಿಡುವ ಲಿಕ್ವಿಡ್ ಕೂಲರ್. ಈಗ ಮತ್ತೆ ಅದೇ ಹಳೇ ಏರ್ ಕೂಲರ್.

ಏರ್‌ನಿಂದ ಲಿಕ್ವಿಡ್‌ಗೆ ಬದಲಾಯಿಸಿದ್ದು ಪ್ರೊಸೆಸರ್ 95 ಡಿಗ್ರಿ ಮುಟ್ಟಿದ್ದು ನೋಡಿ ಹೆದರಿ. ಆದರೆ ಈ ಚಿಪ್ ಇರುವುದೇ ಹಾಗೆ. ಪೂರ್ತಿ ಲೋಡ್ ಬಿದ್ದಾಗ 230 ವಾಟ್‌ವರೆಗೆ ಎಳೆಯುತ್ತದೆ, 95 ಮುಟ್ಟಿದ ಮೇಲೆ ವೇಗ ಇಳಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕೂಲರ್ ಹೇಗಿದೆ ಅಂತ ತಿಳಿಯಲು ಡಿಗ್ರಿಗಿಂತ ಕ್ಲಾಕ್, ಅಂದರೆ ಚಿಪ್ ಓಡುವ ವೇಗ ನೋಡಬೇಕು. ಏರ್ ಕೂಲರ್‌ನಲ್ಲಿ 4.7 ಗಿಗಾಹರ್ಟ್ಸ್ ಇದ್ದದ್ದು ಲಿಕ್ವಿಡ್‌ನಲ್ಲಿ 4.9 ಆಯಿತು. ಎಡಿಟ್ ಮುಗಿಸಿ ಕೊನೆಯ ವಿಡಿಯೋ ಫೈಲ್ ತಯಾರಿಸುವ ನಲವತ್ತು ನಿಮಿಷದ ರೆಂಡರ್‌ನಲ್ಲಿ ಎರಡು ನಿಮಿಷ ಉಳಿಯಿತು, ಅಷ್ಟೇ. ಶುರುವಿನ ಹತ್ತು ಹದಿನೈದು ನಿಮಿಷ ಸದ್ದು ನಿಜಕ್ಕೂ ಕಡಿಮೆ, ಯಾಕೆಂದರೆ ನೀರು ಕಾಯಲು ಅಷ್ಟು ಹೊತ್ತು ಬೇಕು. ಕಾದ ಮೇಲೆ ಮೂರೂ ಫ್ಯಾನ್ ಜೋರಾಗಿ ತಿರುಗುತ್ತವೆ.

ನನಗೆ ತಡವಾಗಿ ಅರ್ಥವಾದದ್ದು ರೂಮಿನ ವಿಷಯ. ಕೂಲರ್ ಯಾವುದೇ ಇರಲಿ, ಚಿಪ್‌ನ ಶಾಖವೆಲ್ಲ ಕೊನೆಗೆ ರೂಮಿಗೇ ಬಂದು ಬೀಳುತ್ತದೆ. ಬಾಗಿಲು ಹಾಕಿ ಒಂದು ಗಂಟೆ ರೆಂಡರ್ ಮಾಡಿದರೆ 37 ಇದ್ದದ್ದು 40 ಆಗುತ್ತಿತ್ತು. ಕೂಲರ್ ಮತ್ತೆ ಅದೇ ಗಾಳಿ ಎಳೆದುಕೊಳ್ಳಬೇಕು. ರೂಮಿಗಿಂತ ತಣ್ಣಗೆ ಮಾಡುವ ಶಕ್ತಿ ಎರಡಕ್ಕೂ ಇಲ್ಲ.

ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಪಿಸಿ ಆನ್ ಮಾಡಿದ ಎರಡೇ ನಿಮಿಷಕ್ಕೆ, ಏನೂ ಕೆಲಸ ಕೊಡದೆಯೇ, 95 ಮುಟ್ಟಿತು. ಪಕ್ಕದ ಗಾಜು ತೆಗೆದು ಮುಟ್ಟಿ ನೋಡಿದೆ. ಪೈಪ್‌ಗಳು ಪ್ರೊಸೆಸರ್ ಹತ್ತಿರ ಬಿಸಿ, ರೇಡಿಯೇಟರ್ ಮಾತ್ರ ತಣ್ಣಗೆ. ಅಂದರೆ ನೀರು ಹರಿಯುತ್ತಿಲ್ಲ. ಬಯಾಸ್‌ನಲ್ಲಿ ಪಂಪ್ ವೇಗ ಸೊನ್ನೆ ತೋರಿಸುತ್ತಿತ್ತು. ವಾರಂಟಿ ಇತ್ತು, ಆದರೆ ಬದಲಿ ಬರಲು ಇಪ್ಪತ್ತಾರು ದಿನ ಹಿಡಿಯಿತು. ಅದೂ ಮದುವೆ ಸೀಸನ್‌ನಲ್ಲಿ! ಏರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ. ಅದನ್ನು ಅಂದೇ ಅಂಗಡಿಯಿಂದ ತಂದು ಹಾಕಬಹುದು, ಅಲ್ವಾ?

ಹಳೇ ಕೂಲರ್ ಕೂರಿಸಿ, ಬಯಾಸ್‌ನಲ್ಲಿ ಪ್ರೊಸೆಸರ್ ಕಡಿಮೆ ವಿದ್ಯುತ್ ಎಳೆಯುವಂತೆ ಮಾಡುವ `Eco Mode` 105W ಆರಿಸಿದೆ. ಹೆಸರು 105 ಆದರೂ ನಿಜವಾದ ಮಿತಿ 142 ವಾಟ್. ಈಗ ಅದೇ ರೆಂಡರ್‌ಗೆ ಮೂರು ನಿಮಿಷ ಜಾಸ್ತಿ ಬೇಕು. ಆದರೆ ಪ್ರೊಸೆಸರ್ 80ರ ಆಸುಪಾಸಿನಲ್ಲಿರುತ್ತದೆ, ರೂಮೂ ಮೊದಲಿನಷ್ಟು ಕಾಯುವುದಿಲ್ಲ. ಬದಲಿಗೆ ಬಂದ ಲಿಕ್ವಿಡ್ ಕೂಲರನ್ನು ತಮ್ಮನಿಗೆ ಕೊಟ್ಟೆ. ಅವನ ರೂಮಿನಲ್ಲಿ ಎಸಿ ಇದೆ, ಕೇಸ್ ಚಿಕ್ಕದು, ಎತ್ತರದ ಟವರ್ ಅದರಲ್ಲಿ ಹಿಡಿಸುವುದಿಲ್ಲ. ಅವನಿಗೆ ಅದೇ ಸರಿ.