ಏಜಿಂಗ್ ಚಾರ್ಟ್: ಡೈ ದುರಸ್ತಿಯ ಟೂಲ್ ರೂಮಿನಲ್ಲಿ ದೀರ್ಘಕಾಲ ಬಳಸಿದ ಮೇಲೆ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಟೂಲ್ ರೂಮಿಗೆ ಪ್ರೆಸ್ ಡೈಗಳು ದುರಸ್ತಿಗೆ ಬರುತ್ತವೆ. ಅವುಗಳ ಲೆಕ್ಕವಿಡುವ ತಂತ್ರಾಂಶದಲ್ಲಿರುವ ಏಜಿಂಗ್ ಚಾರ್ಟನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಸೈಕಲ್ ಟೈಮ್ ಚಾರ್ಟ್ ಮುಗಿದ ಕೆಲಸಗಳನ್ನಷ್ಟೇ ತೋರಿಸುವುದರಿಂದ, ತಡವಾದದ್ದು ತಿಳಿಯುವ ಹೊತ್ತಿಗೆ ಡೈ ಗ್ರಾಹಕರ ಕೈ ಸೇರಿರುತ್ತದೆ. ಏಜಿಂಗ್ ಚಾರ್ಟಿನಲ್ಲಿ ಇನ್ನೂ ನಡೆಯುತ್ತಿರುವ ಒಂದೊಂದು ಕೆಲಸವೂ ಒಂದು ಚುಕ್ಕೆ. ಅಡ್ಡಕ್ಕೆ ಅದು ಯಾವ ಹಂತದಲ್ಲಿದೆ ಎಂಬುದು, ಉದ್ದಕ್ಕೆ ಕೈಗೆತ್ತಿಕೊಂಡು ಎಷ್ಟು ದಿನವಾಯಿತು ಎಂಬುದು.

ನಮ್ಮಲ್ಲಿ ಅರ್ಧದಷ್ಟು ಕೆಲಸಗಳು 9 ದಿನಗಳೊಳಗೆ, ಶೇ 70ರಷ್ಟು 12 ದಿನಗಳೊಳಗೆ, ಶೇ 85ರಷ್ಟು 16 ದಿನಗಳೊಳಗೆ ಮುಗಿಯುತ್ತವೆ; ಚಾರ್ಟಿನಲ್ಲಿ ಈ ಮೂರೂ ಅಡ್ಡಗೆರೆಗಳಾಗಿ ಕಾಣುತ್ತವೆ. ಗ್ರಾಹಕರಿಗೆ ಹೇಳುವ ಗಡುವು 16 ದಿನ. ಹೊಸದಾಗಿ ಬಂದ ಡೈ ಗಡುವು ಮೀರುವ ಸಂಭವ ಶೇ 15. ಆದರೆ 9 ದಿನ ಕಳೆದರೂ ಮುಗಿಯದೆ ಉಳಿದದ್ದು ನೂರರಲ್ಲಿ 50, ತಡವಾಗುವ 15 ಆ ಐವತ್ತರೊಳಗೇ ಇರುವುದರಿಂದ ಸಂಭವ ಶೇ 30ಕ್ಕೆ ಏರುತ್ತದೆ. 12 ದಿನ ದಾಟಿದರೆ ಶೇ 50. ಆದ್ದರಿಂದ 16ರ ಗೆರೆ ಮುಟ್ಟುವವರೆಗೆ ಕಾಯದೆ, 9ರ ಗೆರೆ ದಾಟಿದ ಚುಕ್ಕೆಯ ಬಗ್ಗೆಯೇ ನಾವು ಬೆಳಿಗ್ಗೆ ವಿಚಾರಿಸುತ್ತೇವೆ.

ನನಗೆ ಇದಕ್ಕಿಂತಲೂ ಉಪಯುಕ್ತವೆನಿಸಿದ್ದು ಹಂತವಾರು ಬಣ್ಣದ ಪಟ್ಟಿ, ಅಂದರೆ ಹಿಂದಿನ ಕೆಲಸಗಳು ಆಯಾ ಹಂತವನ್ನು ಬಿಟ್ಟಾಗ ಎಷ್ಟು ದಿನದವಾಗಿದ್ದವು ಎಂಬ ಲೆಕ್ಕ. ಒಮ್ಮೆ ಒಂದು ಡೈ 7 ದಿನಗಳಾದರೂ ಪರಿಶೀಲನೆಯಲ್ಲೇ ಇತ್ತು. ಒಟ್ಟು ಗೆರೆಗಳ ಪ್ರಕಾರ ಅದಕ್ಕೇನೂ ತೊಂದರೆಯಿರಲಿಲ್ಲ. ಆದರೆ ಪರಿಶೀಲನೆಯನ್ನು ಶೇ 85ರಷ್ಟು ಡೈಗಳು 3 ದಿನಗಳೊಳಗೆ ದಾಟುವುದರಿಂದ ಚುಕ್ಕೆ ಕೆಂಪು ಪಟ್ಟಿಯಲ್ಲಿತ್ತು. ವಿಚಾರಿಸಿದಾಗ ಪಂಚಿನ ಡ್ರಾಯಿಂಗ್ ಗ್ರಾಹಕರಿಂದ ಬಂದಿಲ್ಲವೆಂದು ತಿಳಿಯಿತು. ಅದೇ ದಿನ 8 ದಿನದ ಇನ್ನೊಂದು ಡೈ ಕೊನೆಯ ಟ್ರಯಲ್ ಹಂತದಲ್ಲಿ ಹಸಿರು ಪಟ್ಟಿಯಲ್ಲಿತ್ತು. ಅದನ್ನು ಯಾರೂ ಅವಸರಿಸಬೇಕಾಗಿರಲಿಲ್ಲ. ಇಷ್ಟು ಮುಖ್ಯವಾದ ಈ ಪಟ್ಟಿಯನ್ನು ತಯಾರಕರು ಸೆಟ್ಟಿಂಗ್‌ನೊಳಗೆ ಮುಚ್ಚಿಟ್ಟಿರುವುದೇಕೋ ತಿಳಿಯದು.

ಚಾರ್ಟು ಕಾರಣ ಹೇಳುವುದಿಲ್ಲ. ಹೀಟ್ ಟ್ರೀಟ್‌ಮೆಂಟಿಗೆ ಪೀಣ್ಯಕ್ಕೆ ಹೋದ ಡೈ ಅಲ್ಲಿ ಸುಮ್ಮನೆ ಕುಳಿತಿದ್ದರೂ, ಭಾನುವಾರ ರಜೆಯಿದ್ದರೂ ವಯಸ್ಸು ಏರುತ್ತಲೇ ಇರುತ್ತದೆ. ಗ್ರಾಹಕರೂ ಹಾಗೆಯೇ ಎಣಿಸುವುದರಿಂದ ಅದು ಸರಿಯೆಂದೇ ನನ್ನ ಅಭಿಪ್ರಾಯ. ಟ್ರಯಲ್‌ನಲ್ಲಿ ಸೋತ ಡೈಯನ್ನು ಹಳೆಯ ಕಾರ್ಡಿನಲ್ಲೇ ಹಿಂದಕ್ಕೆ ಕಳಿಸಬೇಕು. ಹೊಸ ಕಾರ್ಡು ತೆರೆದರೆ ವಯಸ್ಸು ಒಂದರಿಂದ ಶುರುವಾಗಿ, ಹಳೆಯ ಸಮಸ್ಯೆ ಎಳೆಯ ಚುಕ್ಕೆಯಾಗಿ ಕಾಣುತ್ತದೆ. ಹೊಸ ವೈರ್‌ಕಟ್ ಯಂತ್ರ ಬಂದ ಮೇಲೆ ಕೆಲಸ ವೇಗವಾದರೂ, ಹಳೆಯ ದಾಖಲೆಗಳೂ ಲೆಕ್ಕದಲ್ಲಿದ್ದ ಕಾರಣ ಗೆರೆಗಳು ಎತ್ತರದಲ್ಲೇ ಉಳಿದು ಎಚ್ಚರಿಕೆ ತಡವಾಗತೊಡಗಿತು. ಈಗ ಯಂತ್ರ ಬಂದ ನಂತರದ ಕೆಲಸಗಳನ್ನಷ್ಟೇ ಗಣನೆಗೆ ತೆಗೆದುಕೊಳ್ಳುವಂತೆ ದಿನಾಂಕ ಬದಲಿಸಿದ್ದೇವೆ.

ಒಂದೇ ಹಂತದಲ್ಲಿರುವ ಒಂದೇ ವಯಸ್ಸಿನ ಚುಕ್ಕೆಗಳು ಒಂದರ ಮೇಲೊಂದು ಕುಳಿತು ಎರಡು ಡೈ ಒಂದರಂತೆ ಕಾಣುವ ದೋಷ ಮಾತ್ರ ಇನ್ನೂ ಸರಿಹೋಗಿಲ್ಲ.