ಹಾಕದೆ ಅಂದರೆ ಹಾಕಿದೆ ಅಂತ ಬರೆಯುವ ಫೋನು: ಎರಡು ವರ್ಷ ಬಳಸಿದ ಮೇಲೆ

ನಾನು ಮುಂಬಯಿಯ ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮೆನೇಜರ್. ಮನೆ ಡೊಂಬಿವಲಿಯಲ್ಲಿ. ರಾತ್ರಿ ಮನೆಗೆ ಹೊರಡುವಾಗ ಮರುದಿನದ ಅಡುಗೆಯ ಪಟ್ಟಿಯನ್ನು ಭಟ್ರಿಗೆ ಕಳಿಸಬೇಕು. ಭಟ್ರು ಬೈಂದೂರು ಕಡೆಯವರು, ಬೆಳಗಿನ ನಾಲ್ಕೂವರೆಗೆ ಒಲೆ ಹಚ್ಚುತ್ತಾರೆ. ಅವರಿಗೆ ಓದಲು ಸಲೀಸಾಗುವುದು ಕನ್ನಡವೇ. ನನಗೋ ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬೆರಳು ಓಡುವುದಿಲ್ಲ. ಒಂದೊಂದು ಒತ್ತಕ್ಷರಕ್ಕೂ ಹುಡುಕಾಟ. ಹಾಗಾಗಿ ಎರಡು ವರ್ಷದಿಂದ ಕೀಬೋರ್ಡಿನ ಮೈಕ್ ಒತ್ತಿ, ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ.

ವಾಯ್ಸ್ ಮೆಸೇಜನ್ನೇ ಕಳಿಸಬಹುದಲ್ವಾ ಅಂತ ಕೇಳುತ್ತೀರಿ. ಕಳಿಸಿ ನೋಡಿದೆ. ಗ್ರೈಂಡರ್ ಒಂದು ಕಡೆ, ಎಕ್ಸಾಸ್ಟ್ ಫ್ಯಾನ್ ಇನ್ನೊಂದು ಕಡೆ, ಅಲ್ಲಿ ಏನೂ ಕೇಳಿಸುವುದಿಲ್ಲ. ಎರಡೂವರೆ ಕಿಲೋನೋ ಮೂರು ಕಿಲೋನೋ ಅಂತ ನೋಡಲು ಪೂರ್ತಿ ಮೆಸೇಜು ಮತ್ತೆ ಕೇಳಬೇಕು. ಪಟ್ಟಿ ಕಣ್ಣೆದುರು ಇದ್ದರೆ ಒಂದು ಸಲ ನೋಡಿದರೆ ಸಾಕು. ಭಟ್ರು ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ ಇಟ್ಟುಕೊಳ್ಳುತ್ತಾರೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ವೇಗ ಚೆನ್ನಾಗಿದೆ. ಟೈಪ್ ಮಾಡಿದರೆ ಕಾಲು ಗಂಟೆ ಹಿಡಿಯುವ ಪಟ್ಟಿ ಮೂರು ನಿಮಿಷದಲ್ಲಿ ಆಗುತ್ತದೆ. ‘ಉದ್ದಿನಬೇಳೆ’, ‘ಕೊತ್ತಂಬರಿ ಸೊಪ್ಪು’ ಥರದ ಪದಗಳು ಒತ್ತಕ್ಷರ ಸಮೇತ ಸರಿಯಾಗಿ ಬರುತ್ತವೆ. ತೊಂದರೆ ಇರುವುದು ಬೇರೆ ಕಡೆ. ಅದು ನನಗೆ ಅರ್ಥವಾದದ್ದು ಒಂದು ಪಾತ್ರೆ ಸಾಂಬಾರ್ ಹಾಳಾದ ಮೇಲೆ.

ನಮ್ಮ ಏರಿಯಾದಲ್ಲಿ ಜೈನ ಗಿರಾಕಿಗಳು ಜಾಸ್ತಿ. ಒಂದು ಮನೆಯಿಂದ ಬೆಳಗಿನ ತಿಂಡಿಗೆ ಆರ್ಡರ್ ಬಂದಿತ್ತು. ಇಪ್ಪತ್ತು ಜನ. ಇಡ್ಲಿ, ಚಟ್ನಿ, ಸಾಂಬಾರ್. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಇರಬಾರದು. ರಾತ್ರಿ ನಾನು ಫೋನಿಗೆ ಹೇಳಿದ್ದು ಇಷ್ಟು: “ಈರುಳ್ಳಿ ಬೆಳ್ಳುಳ್ಳಿ ಹಾಕದೆ ಇಪ್ಪತ್ತು ಜನಕ್ಕೆ ಸಾಂಬಾರ್ ಬೇರೆ ಮಾಡಿ.” ಭಟ್ರಿಗೆ ಹೋದದ್ದು ಹೀಗೆ: “ಈರುಳ್ಳಿ ಬೆಳ್ಳುಳ್ಳಿ ಹಾಕಿದೆ 20 ಜನಕ್ಕೆ ಸಾಂಬಾರ್ ಬೇರೆ ಮಾಡಿ.”

ಭಟ್ರು ಏನು ಮಾಡಬೇಕು? ‘ಹಾಕಿದ’ ಅನ್ನಲು ಹೋಗಿ ‘ಹಾಕಿದೆ’ ಆಗಿದೆ ಅಂದುಕೊಂಡರು. ಸಾದಾ ಸಾಂಬಾರಿಗಿಂತ ಸ್ವಲ್ಪ ಜಾಸ್ತಿಯೇ ಈರುಳ್ಳಿ ಹೆಚ್ಚಿ ಹಾಕಿದರು, ಸ್ಪೆಶಲ್ ಆರ್ಡರ್ ಅಲ್ವಾ ಅಂತ. ಏಳು ಗಂಟೆಗೆ ನಾನು ಹೋಗಿ ಮುಚ್ಚಳ ತೆಗೆದಾಗ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯಿತು. ಮತ್ತೆ ಮುಕ್ಕಾಲು ಕಿಲೋ ಬೇಳೆ ಕುಕ್ಕರಿಗೆ ಹಾಕಿ, ಕುಂಬಳಕಾಯಿ ಹಾಕಿ ಬೇರೆ ಸಾಂಬಾರ್ ಮಾಡಿಸಿ ಕಳಿಸುವಾಗ ನಲವತ್ತು ನಿಮಿಷ ತಡ. “ಎಂಥದು ಮಾರಾಯ್ರೇ, ನೀವು ಬರೆದದ್ದನ್ನೇ ನಾನು ಮಾಡಿದ್ದು” ಅಂದರು ಭಟ್ರು. ಮೆಸೇಜು ತೆರೆದು ತೋರಿಸಿದರು. ನನ್ನ ಬಾಯಿ ಕಟ್ಟಿತು.

ಭಾನುವಾರ ಮನೆಯಲ್ಲಿ ಕೂತು ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿ ನೋಡಿದೆ. ನಿಧಾನವಾಗಿ ‘ಹಾ-ಕ-ದೆ’ ಅಂದರೆ ಸರಿ ಬರುತ್ತದೆ. ಮಾತಾಡುವ ವೇಗದಲ್ಲಿ ಹೇಳಿದರೆ ತಪ್ಪುತ್ತದೆ. ಕಾರಣ ನಮ್ಮ ಬಾಯಲ್ಲೇ ಇದೆ. ‘ನಿನ್ನೆ ಉಪ್ಪು ಹಾಕಿದೆ’ ಅನ್ನುವಾಗಲೂ ನಾವು ಹೇಳುವುದು ‘ಹಾಕ್ದೆ’. ‘ಉಪ್ಪು ಹಾಕದೆ ಮಾಡಿದೆ’ ಅನ್ನುವಾಗಲೂ ‘ಹಾಕ್ದೆ’. ನಡುವಿನ ಸ್ವರ ಎರಡರಲ್ಲೂ ನುಂಗಿ ಹೋಗಿರುತ್ತದೆ. ಕೇಳುವ ಮನುಷ್ಯ ಸಂದರ್ಭ ನೋಡಿ ತಿಳಿದುಕೊಳ್ಳುತ್ತಾನೆ. ಫೋನು ಮಾತ್ರ ಇಂಥ ಕಡೆ ಹೆಚ್ಚಾಗಿ ಯಾವ ಕಾಗುಣಿತ ಜಾಸ್ತಿ ಬಳಕೆಯಲ್ಲಿದೆಯೋ ಅದರ ಕಡೆ ವಾಲುತ್ತದೆ. ‘ಹಾಕಿದೆ’ ದಿನಾ ಬರೆಯುವ ಪದ, ‘ಹಾಕದೆ’ ಅಪರೂಪ. ಹೇಳದೆ-ಹೇಳಿದೆ, ಮಾಡದೆ-ಮಾಡಿದೆ, ಕೇಳದೆ-ಕೇಳಿದೆ, ಎಲ್ಲಕ್ಕೂ ಇದೇ ಗತಿ. ಬೇರೆ ತಪ್ಪಾದರೆ ಓದುವವರು ನಕ್ಕು ಸರಿಮಾಡಿಕೊಳ್ಳುತ್ತಾರೆ. ಇಲ್ಲಿ ಬೇಡ ಅನ್ನುವುದೇ ಬೇಕು ಅಂತ ಆಗುತ್ತದೆ, ಮತ್ತೆ ಕಾಗುಣಿತ ನೋಡಿದರೆ ತಪ್ಪೇ ಕಾಣುವುದಿಲ್ಲ. ಎರಡೂ ಸರಿಯಾದ ಕನ್ನಡ ಪದಗಳೇ. ಕೆಂಪು ಗೆರೆ ಕೂಡ ಬರುವುದಿಲ್ಲ.

ಅಂದಿನಿಂದ ‘-ಅದೆ’ ಅನ್ನುವ ರೂಪವನ್ನೇ ಫೋನಿಗೆ ಹೇಳುವುದು ಬಿಟ್ಟೆ. “ಈರುಳ್ಳಿ ಬೇಡ. ಬೆಳ್ಳುಳ್ಳಿ ಬೇಡ. ಸಾಂಬಾರ್ ಬೇರೆ.” ‘ಬೇಡ’ ಬಿಡಿಯಾಗಿ ನಿಂತರೆ ಅದು ಇಲ್ಲಿಯವರೆಗೆ ತಪ್ಪಿಲ್ಲ.

ಬಿಡಿಯಾಗಿ ನಿಂತರೆ ಅಂದೆ, ಯಾಕಂದರೆ ‘ಬೇಡ’ ಬೇರೆ ಕ್ರಿಯಾಪದಕ್ಕೆ ಅಂಟಿದಾಗ ಇನ್ನೊಂದು ರಗಳೆ ಇದೆ. ಒಮ್ಮೆ “ಹಾಲಿನವನಿಗೆ ಇವತ್ತು ದುಡ್ಡು ಕೊಡಬೇಡಿ” ಅಂದೆ. “ದುಡ್ಡು ಕೊಡ ಬೇಡಿ” ಅಂತ ಬಂತು. ಮರುದಿನ ಭಟ್ರು ಗಂಭೀರವಾಗಿ, “ಕೊಡ ಬೇಡಿ ಅಂದ್ರಲ್ಲ, ಬೇಡಿದೆ. ಅವನ ಹತ್ರ ಕ್ಯಾನು ಮಾತ್ರ ಇರುದಂತೆ” ಅಂದರು. ‘ಬರಬೇಡಿ’ ಕೂಡ ‘ಬರ ಬೇಡಿ’ ಆಗುತ್ತದೆ. ಮುಂಬಯಿಯಲ್ಲಿ ಕೂತು ಬರಗಾಲ ಬೇಡುವುದು ಯಾಕೆ!

ಪದ ಒಡೆಯುವ ಈ ರೋಗ ಕನ್ನಡಕ್ಕೆ ಜಾಸ್ತಿ ತಗಲುವುದು ಸಹಜ. ನಾವು ಮಾತಾಡುವಾಗ ಪದಗಳ ನಡುವೆ ಜಾಗ ಬಿಡುವುದೇ ಇಲ್ಲ. ಎಲ್ಲಿ ಜಾಗ ಬಿಡಬೇಕು ಅನ್ನುವುದು ಬರವಣಿಗೆಯ ರೂಢಿ, ಕಿವಿಗೆ ಅದು ಕೇಳಿಸದು. ಕನ್ನಡದಲ್ಲಿ ಒಂದು ಪದಕ್ಕೆ ಬಾಲದ ಮೇಲೆ ಬಾಲ. ‘ಪಾತ್ರೆಗಳಲ್ಲಿದ್ದದ್ದನ್ನೂ’ ಅನ್ನುವುದು ಒಂದೇ ಪದ. ಇಂಥ ಎಲ್ಲ ರೂಪಗಳನ್ನೂ ಫೋನು ಮೊದಲೇ ಕಂಡಿರುವುದು ಸಾಧ್ಯವಿಲ್ಲ. ಗೊತ್ತಿರುವ ತುಣುಕುಗಳನ್ನು ಜೋಡಿಸಿ ಬರೆಯುತ್ತದೆ, ಕೆಲವು ಸಲ ನಡುವೆ ಜಾಗ ಬಿಡುತ್ತದೆ. ಸುಮ್ನೆ ಫೋನನ್ನೇ ಬೈಯುವುದೂ ಸರಿಯಲ್ಲ. ನಮ್ಮ ಜನವೇ ‘ಮಾಡ ಬೇಕು’, ‘ಹೋಗ ಬಹುದು’ ಅಂತ ಬಿಡಿಸಿ ಬರೆಯುತ್ತಾರೆ.

ಒಡೆದದ್ದನ್ನು ಹಿಡಿಯಲು ನನಗೆ ಒಂದು ಸುಲಭದ ದಾರಿ ಸಿಕ್ಕಿದೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಪದಗಳ ಮೊದಲ ಅಕ್ಷರ ಮಾತ್ರ ನೋಡುತ್ತಾ ಹೋಗುತ್ತೇನೆ. ‘ಯಲ್ಲಿ’, ‘ವನ್ನು’, ‘ಗಳಲ್ಲಿ’, ‘ದಿಂದ’ ಅಂತ ಒಂದು ತುಂಡು ಒಂಟಿಯಾಗಿ ನಿಂತಿದ್ದರೆ ಅದು ಹಿಂದಿನ ಪದದ ಬಾಲವೇ. ‘ಕ್ಕೆ’ ಅಂತ ಶುರುವಾದರಂತೂ ಕೇಳುವುದೇ ಬೇಡ, ‘ಕ್ಕ’, ‘ಲ್ಲ’ ಥರದ ಒತ್ತಕ್ಷರದಿಂದ ಕನ್ನಡದ ಪದ ಶುರುವಾಗುವುದಿಲ್ಲ. ಅದರ ಮುಂದೆ ಬೆರಳಿಟ್ಟು ಒಂದು ಸಲ ಅಳಿಸಿದರೆ ಜಾಗ ಹೋಗಿ ಕೂಡಿಕೊಳ್ಳುತ್ತದೆ.

ಆದರೆ ಎಲ್ಲ ಕಡೆ ಅಳಿಸಿದರೆ ಆಗುವುದಿಲ್ಲ. ‘ಅಂಗಡಿ ಇಂದ’ ಅಂತ ಬಂದಾಗ ಜಾಗ ತೆಗೆದರೆ ‘ಅಂಗಡಿಇಂದ’ ಆಗುತ್ತದೆ. ಅಲ್ಲಿ ‘ಇ’ ಅಳಿಸಿ ‘ಯಿ’ ಹಾಕಬೇಕು. ಇನ್ನೂ ಕೆಟ್ಟದ್ದು ‘ಬೇಕಾದರೆ’. “ಪುದೀನ ಚಟ್ನಿ ಬೇಕಾದರೆ ಮಾಡಿ” ಅಂದರೆ “ಬೇಕು ಆದರೆ ಮಾಡಿ” ಅಂತ ಬಿಡಿಸಿ ಬರೆಯುತ್ತದೆ. ಮಾಡಿದರೂ ಆಯಿತು ಬಿಟ್ಟರೂ ಆಯಿತು ಅಂತ ನಾನು ಹೇಳಿದ್ದು, ಚಟ್ನಿ ಬೇಕೇ ಬೇಕು ಅಂತ ಓದಿಸುತ್ತದೆ. ಎರಡು ಪದವೂ ಸರಿಯಾದವೇ ಆದ್ದರಿಂದ ಮೊದಲ ಅಕ್ಷರದ ಉಪಾಯ ಇಲ್ಲಿ ನಡೆಯದು. ‘ಎರಡೂವರೆ’ ಕೂಡ ಒಮ್ಮೊಮ್ಮೆ ‘2 ವರೆ’ ಆಗುತ್ತದೆ. ‘ವರೆ’ ಕಣ್ಣಿಗೆ ಬೀಳದಿದ್ದರೆ ಅರ್ಧ ಕಿಲೋ ಅಕ್ಕಿ ಹೋಯಿತು. ಈಗ ‘ಎರಡು ಕಿಲೋ ಐನೂರು ಗ್ರಾಂ’ ಅಂತಲೇ ಹೇಳುತ್ತೇನೆ.

ಇನ್ನು ಲ-ಳ. ಬರೀ ‘ಬೇಳೆ’ ಅಂದು ನಿಲ್ಲಿಸಿದರೆ ಒಮ್ಮೆ ‘ಬೇಳೆ’, ಒಮ್ಮೆ ‘ಬೆಳೆ’, ಒಮ್ಮೆ ‘ಬೆಲೆ’. ‘ಬೇಳೆ ನೆನೆಸಿ’ ಅಂದರೆ ಸರಿ. ಪರದೆ ನೋಡುತ್ತಾ ಹೇಳಿದರೆ ಇದು ಕಣ್ಣಿಗೇ ಕಾಣುತ್ತದೆ. ‘ಹುಲಿ’ ಅಂತ ಮೂಡಿದ್ದು, ‘ಸಾಂಬಾರಿಗೆ ಕಡಿಮೆ ಹಾಕಿ’ ಅನ್ನುವಷ್ಟರಲ್ಲಿ ತಾನೇ ‘ಹುಳಿ’ ಆಗಿಬಿಡುತ್ತದೆ. ಮುಂದಿನ ಪದ ಕೇಳಿದ ಮೇಲೆ ಹಿಂದಿನದನ್ನು ತಿದ್ದುತ್ತದೆ. ಆದ್ದರಿಂದ ಒಂದೊಂದೇ ಸಾಮಾನು ಹೇಳಿ ತಡೆದು ನಿಲ್ಲುವುದು ದಂಡ. ವಾಕ್ಯ ಪೂರ್ತಿ ಹೇಳಿ ಆಮೇಲೆ ಉಸಿರು ಬಿಡಿ.

ಮುಂಬಯಿಯವರಿಗೆ ಬೇರೆಯೇ ಒಂದು ಉಪದ್ರ ಇದೆ. ಒಮ್ಮೆ ಲೋಕಲ್ ರೈಲಿನಲ್ಲಿ ಪಟ್ಟಿ ಹೇಳುತ್ತಿದ್ದಾಗ ಮರಾಠಿಯಲ್ಲಿ ‘ಪುಢೀಲ್ ಸ್ಟೇಷನ್’, ಅಂದರೆ ಮುಂದಿನ ಸ್ಟೇಷನ್, ಅಂತ ಅನೌನ್ಸ್‌ಮೆಂಟ್ ಬಂತು. ಪಟ್ಟಿಯಲ್ಲಿ ‘ಪುಡಿ ಇಲ್ಲ ಸ್ಟೇಷನ್’ ಅಂತ ಸೇರಿಕೊಂಡಿತು. ಭಟ್ರು ಸಾಂಬಾರ್ ಪುಡಿ ಮುಗಿದಿದೆ ಅಂದುಕೊಂಡು ಬೆಳಗ್ಗೆ ಎದ್ದು ಮೆಣಸು ಹುರಿಯಲು ಕೂತಿದ್ದರು. ಈಗ ರೈಲು ಹತ್ತುವ ಮೊದಲೇ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಹೇಳಿ ಮುಗಿಸುತ್ತೇನೆ.

ದಾರಿಯಲ್ಲಿ ಸಿಗುವ ಠಾಣೆ ಊರಿನ ಹೆಸರಿನಲ್ಲಿ ಫೋನು ತಪ್ಪೇ ಮಾಡದೆ ನನ್ನನ್ನು ಸಿಕ್ಕಿಹಾಕಿಸಿದ್ದೂ ಇದೆ. “ಠಾಣೆಯಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ” ಅಂತ ಊರಿಗೆ ಅಮ್ಮನಿಗೆ ಕಳಿಸಿದೆ. ಅಕ್ಷರ ಅಕ್ಷರ ಸರಿ. ಐದು ನಿಮಿಷಕ್ಕೆ ಅಣ್ಣನ ಫೋನು: “ಪೊಲೀಸರು ಯಾಕೆ ಕರ್ಕೊಂಡು ಹೋದ್ರಾ?”

ಎರಡು ವರ್ಷದಲ್ಲಿ ನನ್ನ ಫೋನಿನಲ್ಲಿ ಸುಧಾರಿಸಿದ್ದು ವೇಗ. ಪೂರ್ಣವಿರಾಮ ಇನ್ನೂ ನಾನೇ ಹಾಕಬೇಕು. ಅದನ್ನು ಹಾಕದಿದ್ದರೆ ‘ಈರುಳ್ಳಿ ಬೇಡ ಬೆಳ್ಳುಳ್ಳಿ ಹಾಕಿ’ ಅನ್ನುವಲ್ಲಿ ‘ಬೇಡ’ ಯಾವುದಕ್ಕೆ ಅಂತ ಭಟ್ರು ನಿಂತು ಯೋಚಿಸಬೇಕು. ಒಂದು ಸಾಮಾನು ಮುಗಿದ ಕೂಡಲೇ ಬೆರಳಿನಿಂದ ಹೊಸ ಸಾಲಿಗೆ ಹೋಗುತ್ತೇನೆ, ಅಷ್ಟು ಮಾಡಿದರೆ ಈ ಗೊಂದಲ ಇಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ನಕ್ಷತ್ರ. ಸಾಮಾನು ಪಟ್ಟಿಗೆ ದಿನಾ ಬಳಸುತ್ತೇನೆ. ಜೈನ್ ಆರ್ಡರ್ ಇದ್ದ ದಿನ ಮಾತ್ರ ಆ ಒಂದು ಸಾಲನ್ನು ಬೆರಳಲ್ಲೇ ಕುಟ್ಟುತ್ತೇನೆ. ಅಷ್ಟಾದರೂ ನಾಲ್ಕೂವರೆಗೆ ಭಟ್ರ ಫೋನು ಬರುತ್ತದೆ, “ಇದು ನೀವು ಬರೆದದ್ದಾ, ಅದು ಬರೆದದ್ದಾ?”