ದೀಪ ಹಸಿರಾಗಿದ್ದರೂ ಫೈಬರ್ ಸಿಗ್ನಲ್ ಕುಸಿದಿರಬಹುದು: ರೀಸೆಟ್ ಒತ್ತುವ ಮುನ್ನ ಒಂದು ಸಂಖ್ಯೆ ನೋಡಿ

ಗಂಗಾವತಿಯಲ್ಲಿ ಮನೆಯಿಂದಲೇ ಅಕ್ಕಿ ಗಿರಣಿಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ತಿಂಗಳ 20ನೇ ತಾರೀಕು ಹತ್ತಿರವಾದಂತೆ ಜಿಎಸ್‌ಟಿ ರಿಟರ್ನ್‌ಗಳ ಒತ್ತಡ ಹೆಚ್ಚುತ್ತದೆ. ಕಳೆದ ಏಪ್ರಿಲ್‌ನಲ್ಲಿ ಸರಿಯಾಗಿ ಅದೇ ದಿನಗಳಲ್ಲಿ, 100 ಎಂಬಿಪಿಎಸ್ ಪ್ಲಾನ್ ಇದ್ದರೂ ಮಧ್ಯಾಹ್ನವಾದರೆ ವೇಗ ಐದಾರಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಮಾತ್ರ ಎಲ್ಲವೂ ಸರಿಯಿರುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ದೀಪಗಳು ಹೇಗಿವೆ ಎಂದು. ಫೈಬರ್ ಸಂಪರ್ಕವಿದೆ ಎಂದು ತೋರಿಸುವ ಪಾನ್ ದೀಪ ಹಸಿರಾಗಿ ಸ್ಥಿರವಾಗಿದೆ, ಸಿಗ್ನಲ್ ಹೋದಾಗ ಕೆಂಪಗಾಗುವ ಎಲ್‌ಓಎಸ್ ದೀಪ ಆರಿದೆ ಎಂದೆ. “ಹಂಗಿದ್ರ ಲೈನ್ ಚಲೋ ಐತ್ರೀ ಸರ್, ನಿಮ್ಮ ವೈಫೈದಾಗ ತೊಂದ್ರಿ ಇರಬೇಕು” ಎಂಬ ಉತ್ತರ ಬಂತು. ಅದನ್ನು ನಂಬಿ 2,800 ರೂಪಾಯಿ ಕೊಟ್ಟು ಹೊಸ ರೂಟರ್ ತಂದೆ. ಆದರೂ ವೇಗ ಹೆಚ್ಚಲಿಲ್ಲ. ಮತ್ತೆ ಕರೆ ಮಾಡಿದಾಗ ಪಿನ್ನಿನಿಂದ ಮೋಡೆಮ್‌ನ ರೀಸೆಟ್ ಗುಂಡಿ ಒತ್ತಿ ಹಿಡಿಯಲು ಹೇಳಿದರು. ಹಾಗೆ ಒತ್ತಿದ್ದರಿಂದ ಲೈನ್‌ಮನ್ ತುಂಬಿಸಿಟ್ಟಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಲ್ಯಾನ್ ಸಂಖ್ಯೆ ಅಳಿಸಿಹೋಗಿ, ಅವರು ಬಂದು ಮತ್ತೆ ಹಾಕುವವರೆಗೆ ಎರಡು ದಿನ ಇಂಟರ್‌ನೆಟ್ಟೇ ಇಲ್ಲದಾಯಿತು. ಆ ವಿವರಗಳು ನಿಮ್ಮ ಕೈಯಲ್ಲಿ ಬರೆದಿಲ್ಲದಿದ್ದರೆ, ಯಾರು ಹೇಳಿದರೂ ಆ ಗುಂಡಿಯನ್ನು ಒತ್ತಬೇಡಿ.

ನಾನು ಮೊದಲು ಮಾಡಬೇಕಾಗಿದ್ದ ಕೆಲಸ ಬೇರೆಯೇ ಇತ್ತು. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ಮೋಡೆಮ್‌ಗೆ ಜೋಡಿಸಿದಾಗಲೂ ವೇಗ ಅಷ್ಟೇ ಬಂದಾಗ, ದೋಷ ವೈಫೈನಲ್ಲಿಲ್ಲ ಎಂಬುದು ಖಚಿತವಾಯಿತು. ಬಳಿಕ ಬ್ರೌಸರ್‌ನಲ್ಲಿ `192.168.1.1` ತೆರೆದು (ಕೆಲವು ಮೋಡೆಮ್‌ಗಳಲ್ಲಿ ವಿಳಾಸ ಬೇರೆ ಇರುತ್ತದೆ, ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ) ಒಳಗಿನ ಸ್ಥಿತಿ ಪುಟದಲ್ಲಿ, ಫೈಬರ್‌ನಿಂದ ಒಳಬರುವ ಬೆಳಕಿನ ಬಲವನ್ನು ತೋರಿಸುವ `RX Optical Power` ಎಂಬ ಸಾಲನ್ನು ನೋಡಿದೆ. ಅಲ್ಲಿ -27.6 ಡಿಬಿಎಂ ಎಂದಿತ್ತು.

ಈ ಸಂಖ್ಯೆಯನ್ನು ಓದುವಾಗ ಅನೇಕರು ಎಡವುತ್ತಾರೆ. ಇದು ಋಣ ಸಂಖ್ಯೆಯಾದ್ದರಿಂದ 27 ಎಂದರೆ 20ಕ್ಕಿಂತ ದುರ್ಬಲ. ಪ್ರತಿ 3 ಡಿಬಿ ಕುಸಿದಾಗಲೂ ಒಳಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ ಜಿಪಾನ್ ಮೋಡೆಮ್‌ಗಳಲ್ಲಿ ಬಿ ಪ್ಲಸ್ ವರ್ಗದವು -8ರಿಂದ -27ರವರೆಗಿನ ಬೆಳಕಿನಲ್ಲಿ ಕೆಲಸ ಮಾಡುವಂತೆ ರೂಪಿಸಲ್ಪಟ್ಟಿವೆ. ಅಂಚಿನ ಹತ್ತಿರ ಬಂದಾಗ ದತ್ತಾಂಶದಲ್ಲಿ ತಪ್ಪುಗಳು ನುಸುಳುತ್ತವೆ, ಪ್ಯಾಕೆಟ್‌ಗಳು ಕಳೆದುಹೋಗುತ್ತವೆ, ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸಬೇಕಾಗಿ ವೇಗ ಕುಸಿಯುತ್ತದೆ. ಕೆಂಪು ಎಲ್‌ಓಎಸ್ ದೀಪ ಮಿನುಗುವುದು ಬೆಳಕು ಪೂರ್ತಿ ಹೋದಾಗ ಅಥವಾ ಮೋಡೆಮ್ ಗುರುತಿಸಲಾರದಷ್ಟು ಕ್ಷೀಣಿಸಿದಾಗ ಮಾತ್ರ. ಆದ್ದರಿಂದ ಲೈನ್ ನರಳುತ್ತಿರುವಾಗಲೂ ಪಾನ್ ದೀಪ ಹಸಿರಾಗಿಯೇ ಉಳಿಯಬಹುದು. ನನ್ನ ಮೋಡೆಮ್‌ನಲ್ಲಿ ಎಲ್‌ಓಎಸ್ ದೀಪ ಮಧ್ಯಾಹ್ನ ಒಂದೆರಡು ಬಾರಿ ಕ್ಷಣಕಾಲ ಕೆಂಪಗೆ ಮಿನುಗಿ ಆರಿದ್ದನ್ನು ನಾನೇ ಕಂಡಿದ್ದೆ. ತಾನಾಗಿ ಆರಿತಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿದ್ದರೆ ಪ್ರಾಯಶಃ ಮೊದಲ ಕರೆಯಲ್ಲೇ ದಾರಿ ಸಿಗುತ್ತಿತ್ತು.

ಅದೇ ಕಂಬದ ಪೆಟ್ಟಿಗೆಯಿಂದ ಲೈನ್ ಪಡೆದಿರುವ ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ -20.9 ಇತ್ತು. ಅಂದರೆ ದೋಷ ಕಂಬದಾಚೆ ಇರುವ ಸಾಧ್ಯತೆ ಕಡಿಮೆ. ಮರುದಿನ ಗಂಟೆಗೊಮ್ಮೆ ಬರೆದುಕೊಂಡಾಗ ಬೆಳಿಗ್ಗೆ 8ಕ್ಕೆ -22.8, ಮಧ್ಯಾಹ್ನ 1ಕ್ಕೆ ಮತ್ತೆ -27.6, ಎಂದರೆ ಬೆಳಕು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಆ ನಡುವೆ ಮನೆಯಲ್ಲಿ ಬದಲಾಗಿದ್ದು ಒಂದೇ: ಕೂಲರ್‌ಗೆ ನೀರು ತುಂಬಿದ್ದೆವು. ಸ್ಟ್ಯಾಂಡ್ ಸರಿಸಿ ನೋಡಿದರೆ, ಅದರ ಕಾಲು ಮತ್ತು ಗೋಡೆಯ ನಡುವೆ ತೆಳು ಕಪ್ಪು ಫೈಬರ್ ಕೇಬಲ್ ಸಿಕ್ಕಿ ಹಾಕಿಕೊಂಡು ಮೂಲೆ ಮಡಿದಂತೆ ಬಗ್ಗಿತ್ತು. ಗಾಜಿನ ಎಳೆ ಅಷ್ಟು ಬಿಗಿಯಾಗಿ ಬಗ್ಗಿದಾಗ ಬೆಳಕು ಒಳಗೆ ನಿಲ್ಲದೆ ಆ ಬಾಗಿನಲ್ಲೇ ಸೋರಿಹೋಗುತ್ತದೆ, ನೀರು ತುಂಬಿದ ಭಾರ ಆ ಬಾಗನ್ನು ಇನ್ನಷ್ಟು ಬಿಗಿ ಮಾಡುತ್ತಿತ್ತು. ಕೇಬಲ್ ಬಿಡಿಸಿ, 3 ಸೆಂ.ಮೀ. ತ್ರಿಜ್ಯಕ್ಕಿಂತ ದೊಡ್ಡ ಸುತ್ತಿನಲ್ಲಿ ಗೋಡೆಯ ಮೇಲೆ ಒಯ್ದ ಮೇಲೆ -21.3ಕ್ಕೆ ಬಂದು ನಿಂತಿತು, ಮಧ್ಯಾಹ್ನವೂ 95ರ ಆಸುಪಾಸಿನ ವೇಗ ಸಿಕ್ಕಿತು.

ಕೇಬಲ್ ಸರಿಯಿದ್ದೂ ಸಂಖ್ಯೆ ಕೆಳಗಿದ್ದರೆ ಹಸಿರು ಕನೆಕ್ಟರನ್ನು ನೀವೇ ಕಿತ್ತು ಅಂಗಿಯ ತುದಿಯಿಂದ ಒರೆಸಬೇಡಿ, ಒಂದು ಕಣ ಧೂಳು ಅಂಟಿದರೂ ನಷ್ಟ ಹೆಚ್ಚುತ್ತದೆ. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಸಲ್ಲ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಹುದು. ಲೈನ್‌ಮನ್ ಬಂದಾಗ ಪವರ್ ಮೀಟರ್‌ನಲ್ಲಿ ನಿಮ್ಮೆದುರೇ ಅಳೆಯಲು ಕೇಳಿ. ಇನ್ನು ಸಂಖ್ಯೆ -20ರ ಆಸುಪಾಸಿನಲ್ಲಿ ಸ್ಥಿರವಾಗಿದ್ದು, ಲ್ಯಾನ್ ಕೇಬಲ್‌ನಲ್ಲೂ ವೇಗ ಕಡಿಮೆಯಿದ್ದರೆ, ಒಳಬರುವ ಬೆಳಕನ್ನು ದೂರಿ ಪ್ರಯೋಜನವಿಲ್ಲ. ನಿಮ್ಮ ಮೋಡೆಮ್ ಕಳಿಸುವ ಬೆಳಕು ಅವರಿಗೆ ಎಷ್ಟು ತಲುಪುತ್ತಿದೆ ಎಂಬುದು ಕಂಪನಿಯ ಕಡೆಯ ಯಂತ್ರದಲ್ಲಿ ಮಾತ್ರ ಕಾಣುತ್ತದೆ. ದೂರು ಕೊಡುವಾಗ ಆ ಅಳತೆಯನ್ನೂ ನೋಡಿ ಹೇಳುವಂತೆ ಕೇಳಿ.